ಯಾರ ಒಪ್ಪಿಗೆಗೂ ಕಾಯದ ವರ್ಷ

ಹೋದ ತಿಂಗಳು ಭದ್ರಾವತಿಗೆ ಹೋದವಳು, ನಾನು ಮೊದಲು ಕೆಲಸ ಮಾಡುತ್ತಿದ್ದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಸುಮ್ಮನೆ ಇಣುಕಿದೆ. ಬಾಗಿಲು ತಳ್ಳಿದ ಕೂಡಲೇ ಬಿಸಿ ಮೇಣದ ವಾಸನೆ ಬಂತು. ಬೆರಳು ಮಡಚಲು ಬಾರದವರು ಕೈ ಅದ್ದಲಿ ಎಂದು ಒಂದು ಪುಟ್ಟ ತೊಟ್ಟಿಯಲ್ಲಿ ಇಡೀ ದಿನ ಮೇಣ ಕರಗಿಸಿ ಇಟ್ಟಿರುತ್ತಿದ್ದೆವು. ಮಳೆಗಾಲದಲ್ಲಿ ಒದ್ದೆ ಕೊಡೆಗಳ ಮುಗ್ಗಲು ವಾಸನೆಯೂ ಅದಕ್ಕೆ ಸೇರಿಕೊಂಡು, ಸಂಜೆ ಬಸ್ಸು ಹತ್ತುವಾಗ ನನ್ನ ಚೂಡಿದಾರದಲ್ಲೆಲ್ಲ ಅದೇ ಇರುತ್ತಿತ್ತು. ಆ ವಾಸನೆಗೆ ತಲೆನೋವು ನೆನಪಾಗಬೇಕಿತ್ತು. ನನಗೆ ನೆನಪಾದದ್ದು ಇಪ್ಪತ್ತೇಳನೇ ವಯಸ್ಸಿನ ಒಂದು ವರ್ಷ.

ಆಗ ನಮ್ಮ ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಮಲವಗೊಪ್ಪ ದಾಟಿ ಭದ್ರಾವತಿಗೆ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಅಷ್ಟು ಹೊತ್ತಿಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರಲು ಶುರುವಾಗಿ ಮೂರು ವರ್ಷ ಕಳೆದಿತ್ತು. ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ನನ್ನನ್ನು ಕೂರಿಸಿ ನಾಲ್ಕು ಮಾತು ಕೇಳಿ, ಎದ್ದು ಜಗುಲಿಯಲ್ಲಿ ಚಪ್ಪಲಿ ಮೆಟ್ಟುವಾಗ ತಪ್ಪದೆ ಒಂದು ಮಾತು ಹೇಳುತ್ತಿದ್ದರು: "ಊರಿಗೆ ಹೋಗಿ ತಿಳಿಸ್ತೀವಿ." ಗೋಪಾಳದಿಂದ ಬಂದವರೂ ಅದನ್ನೇ ಹೇಳಿದ್ದರು. ಗೋಪಾಳ ನಮ್ಮ ಮನೆಯಿಂದ ಆಟೋ ಹತ್ತಿ ಇಳಿಯುವಷ್ಟು ದೂರ. ಅಲ್ಲಿಗೆ ಹೋಗಿ ತಿಳಿಸಲಿಕ್ಕೆ ಅವರಿಗೆ ಇನ್ನೂ ಸಮಯವಾಗಿಲ್ಲ.

ಅವರು ಹೋದ ಮೇಲೆ ಮನೆಗೆ ಮನೆಯೇ ಅವರ ಉತ್ತರಕ್ಕೆ ಕಾಯುತ್ತ ಕೂರುತ್ತಿತ್ತು. ಅಪ್ಪ ಫೋನಿನ ಸದ್ದು ಜೋರು ಮಾಡಿ ಟಿವಿಯ ಪಕ್ಕ ಇಡುತ್ತಿದ್ದರು. ಅಮ್ಮ ಉಳಿದ ಕೇಸರಿಬಾತನ್ನು ಯಾರಿಗೂ ಬಡಿಸದೆ ಡಬ್ಬಿಗೆ ಹಾಕುತ್ತಿದ್ದಳು. ನಿನಗೆ ಹುಡುಗ ಹಿಡಿಸಿದನಾ ಎಂದು ಯಾರೂ ಕೇಳುತ್ತಿರಲಿಲ್ಲ. ನನಗೂ ಅದೊಂದು ಪ್ರಶ್ನೆ ಎನ್ನಿಸಿರಲಿಲ್ಲ. ಕೊನೆಗೆ ಬ್ರೋಕರ್ ಮೂಲಕ ಜಾತಕ ಕೂಡಲಿಲ್ಲ ಎಂಬ ಸುದ್ದಿ ಬರುತ್ತಿತ್ತು. ಜಾತಕ ಕೂಡಿದ ಮೇಲೇ ಅವರು ಉಪ್ಪಿಟ್ಟಿಗೆ ಬಂದದ್ದು! ಹಾಗಾಗಿ ಕೂಡದೆ ಹೋದದ್ದು ಬೇರೇನೋ ಇರಬೇಕು ಎಂದು ನಾನು ಕನ್ನಡಿಯ ಮುಂದೆ ನಿಂತು ಹುಡುಕುತ್ತಿದ್ದೆ. ಹುಡುಕಿದರೆ ಸಿಗದೆ ಇರುತ್ತದೆಯೇ? ಒಮ್ಮೆ ಮೂಗು, ಒಮ್ಮೆ ಬಣ್ಣ, ಒಮ್ಮೆ ನಗುವಾಗ ಕಾಣುವ ಒಸಡು.

ಆ ಆಷಾಢದಲ್ಲಿ ಅಮ್ಮನೇ ಸೋತಳು. "ನೀನೇ ಯಾರನ್ನಾದ್ರೂ ನೋಡ್ಕೊ ಮಾರಾಯ್ತಿ. ನಂಗಿನ್ನು ರವೆ ಹುರಿಯೋಕೆ ತ್ರಾಣ ಇಲ್ಲ," ಎಂದಳು. ನಾನು ಫೋನಿನಲ್ಲಿ ಜೋಡಿ ಹುಡುಕುವ ಒಂದು ಆ್ಯಪ್ ಹಾಕಿಕೊಂಡೆ. ಅಲ್ಲಿ ಸಿಕ್ಕವನು ನಿಖಿಲ್, ಊರಿನ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಮ್ಯಾನೇಜರ್. ವಿದ್ಯಾನಗರದಲ್ಲಿ ಭೇಟಿಯಾದರೆ ನಮ್ಮ ನೆಂಟರ ಕಣ್ಣಿಗೆ ಬೀಳುತ್ತೇವೆಂದು ಗೋಪಾಳದ ಒಂದು ಕಾಫಿ ಅಂಗಡಿ ಆರಿಸಿದೆವು.

ಜೀವನದಲ್ಲಿ ಮೊದಲ ಸಲ ನಾನಾಗಿ ಆರಿಸಿಕೊಂಡು ಒಬ್ಬ ಗಂಡಸಿನ ಎದುರು ಕೂತಿದ್ದೆ. ಆದರೆ ಕಾಫಿ ಬಂದಾಗ ಒಂದು ವಿಚಿತ್ರ ಆಯಿತು. ಅಂಗಡಿಯ ಹುಡುಗ ಟ್ರೇ ತಂದು ಮೇಜಿನ ಮೇಲೆ ಇಡಬೇಕು, ಅಷ್ಟರಲ್ಲಿ ನಾನು ಎದ್ದು ಅವನ ಕೈಯಿಂದ ಟ್ರೇ ತೆಗೆದುಕೊಂಡು, ಸ್ವಲ್ಪ ಬಾಗಿ, ನಿಖಿಲನ ಮುಂದೆ ಹಿಡಿದೆ. ಮೂರು ವರ್ಷದ ಅಭ್ಯಾಸ, ಕೈಗೆ ಬೇರೆ ಗೊತ್ತಿರಲಿಲ್ಲ. ನಿಖಿಲ್ ಜೋರಾಗಿ ನಕ್ಕ. ನಾನೂ ನಕ್ಕೆ. ಆಮೇಲೆ ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ನಾನಾಗಿ ಒಂದೂ ಪ್ರಶ್ನೆ ಕೇಳಲಿಲ್ಲ. ಹೊರಡುವಾಗ ಬಾಯಿ ತಪ್ಪಿ, "ಮನೆಗೆ ಹೋಗಿ ತಿಳಿಸ್ತೀರಾ?" ಎಂದೆ.

"ಏನನ್ನ?" ಎಂದ ಅವನು.

ಆದರೂ ತಿಳಿಸಿದ. ಸಂಜೆಯೇ ಮೆಸೇಜ್ ಬಂತು: "ನಿಮ್ ಜೊತೆ ಮಾತಾಡ್ತಿದ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ." ಅದನ್ನು ಓದಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಅಡುಗೆಮನೆಗೆ ಹೋಗಿ ಅಮ್ಮನನ್ನು ಹಿಂದಿನಿಂದ ತಬ್ಬಿಕೊಂಡೆ. ಮರುದಿನ ಕ್ಲಿನಿಕ್ಕಿನಲ್ಲಿ ಪ್ರತಿಯೊಬ್ಬ ರೋಗಿಯ ಜೊತೆಯೂ ತಮಾಷೆ ಮಾಡಿದೆ. ಕಾರ್ಖಾನೆಯಿಂದ ನಿವೃತ್ತರಾದ ಅಜ್ಜಂದಿರು ನನಗೇನೋ ಸಂಬಳ ಜಾಸ್ತಿಯಾಗಿದೆ ಎಂದುಕೊಂಡರು.

ಅಲ್ಲಿಂದ ನನ್ನ ದಿನ ಹೇಗಿರಬೇಕು ಎಂಬುದು ನಿಖಿಲನ ಫೋನಿನಿಂದ ತೀರ್ಮಾನವಾಗತೊಡಗಿತು. ಬೆಳಿಗ್ಗೆ ಮೆಸೇಜ್ ಬಂದರೆ ನಾನು ಚೆಂದ, ಬುದ್ಧಿವಂತೆ, ಒಳ್ಳೆಯ ಫಿಸಿಯೋ. ಬಾರದಿದ್ದರೆ ಮತ್ತೆ ಮೂಗು, ಬಣ್ಣ, ಒಸಡು. ಎರಡು ನೀಲಿ ಗೀಟು ಬಿದ್ದು ಉತ್ತರ ಬರದೆ ಹೋದರೆ ಹಿಂದಿನ ಮೆಸೇಜುಗಳನ್ನೆಲ್ಲ ಮೊದಲಿನಿಂದ ಓದಿ ತಪ್ಪು ಹುಡುಕುತ್ತಿದ್ದೆ. ಅವನಿಗೆ ಬೆಟ್ಟ ಹತ್ತುವುದು ಇಷ್ಟವೆಂದಾಗ ನನಗೂ ಇಷ್ಟ ಎಂದೆ. ಕ್ಲಿನಿಕ್ಕಿನ ಮೇಲಿನ ಮಹಡಿಗೆ ಹತ್ತಿದರೆ ಏದುಸಿರು ಬಿಡುವವಳು ನಾನು. ಗಟ್ಟಿಯಾಗಿ ಮಾತಾಡುವ ಹುಡುಗಿಯರು ತನಗೆ ಆಗುವುದಿಲ್ಲ ಎಂದ. ನಾನು ದನಿ ತಗ್ಗಿಸಿದೆ. ಭೇಟಿ ಮುಂದೂಡಿದಾಗಲೆಲ್ಲ ಪರವಾಗಿಲ್ಲ ಎಂದೆ. ನನ್ನ ಕೆಲಸವನ್ನು ಅವನು ಪ್ರತಿ ಸಲ ಮಸಾಜ್ ಎನ್ನುತ್ತಿದ್ದ. ಕಾಫಿ ತರುವ ಹುಡುಗನನ್ನು ಏಯ್ ಎಂದು ಕರೆಯುತ್ತಿದ್ದ. ಇವೆಲ್ಲ ನನಗೆ ಕಾಣುತ್ತಿರಲಿಲ್ಲ ಎಂದಲ್ಲ. ಕಂಡದ್ದನ್ನು ಬದಿಗಿಟ್ಟು, ಅವನಿಗೆ ನಾನು ಹೇಗೆ ಕಾಣುತ್ತಿದ್ದೇನೆ ಎಂದು ನೋಡುವುದರಲ್ಲೇ ಮುಳುಗಿದ್ದೆ.

ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಸೆಲ್ವಿ ಅಕ್ಕ ಎಂಬವರಿದ್ದರು. ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳರು, ಗಂಡನನ್ನು ಬಿಟ್ಟು ಮಗಳೊಂದಿಗೆ ಇರುವವರು. ರೋಗಿಗಳ ಮುಂದೆ ನನ್ನನ್ನು ಮೇಡಂ ಎನ್ನುತ್ತಿದ್ದರು, ಇಲ್ಲದಾಗ ಮಾರಾಯ್ತಿ. ಒಂದು ಬೆಳಿಗ್ಗೆ ನಾನು ಮೂರನೇ ಸಲ ಫೋನ್ ನೋಡಲು ಹೊರಗೆ ಬಂದಾಗ ಅದನ್ನು ನನ್ನ ಕೈಯಿಂದ ಕಿತ್ತು ತಮ್ಮ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದರು.

"ಊಟದ ತನಕ ಕೊಡಲ್ಲ. ಹೋಗು."

"ಅಕ್ಕಾ, ಅರ್ಜೆಂಟ್ ಇದೆ."

"ಏನು ಅರ್ಜೆಂಟು? ಕೈ ನೋಡ್ಕೊ ನಿಂದು."

ನೋಡಿಕೊಂಡೆ. ನನಗೇ ತಿಳಿಯದೆ ಡ್ರಾಯರಿನ ಹಿಡಿಯನ್ನು ಎಳೆಯುತ್ತಿತ್ತು. ಲಕ್ವ ಹೊಡೆದವರ ಕೈ ಹಿಡಿದು ನೆಟ್ಟಗೆ ಮಾಡುವ ಕೈ ಅದು. ಸೆಲ್ವಿ ಅಕ್ಕ ದನಿ ತಗ್ಗಿಸಿ ಕೇಳಿದರು: "ಆ ಹುಡುಗ ನಿಂಗೆ ಇಷ್ಟಾನಾ?"

"ಅವರಿಗೆ ನಾನು ಇಷ್ಟ ಅನ್ಸುತ್ತೆ."

"ನಾನು ಕೇಳಿದ್ದು ಅದಲ್ಲ ಮಾರಾಯ್ತಿ."

ಅವನು ನನಗೆ ಇಷ್ಟವೋ ಅಲ್ಲವೋ ನನಗೇ ಗೊತ್ತಿರಲಿಲ್ಲ. ಇನ್ನೂ ಬೇಸರದ ಸಂಗತಿಯೆಂದರೆ, ಗೊತ್ತಿಲ್ಲ ಎಂಬುದು ಗೊತ್ತಾದ ಮೇಲೂ ಏನೂ ಬದಲಾಗಲಿಲ್ಲ. ಊಟದ ಹೊತ್ತಿಗೆ ಡ್ರಾಯರಿನ ಮುಂದೆ ಹೋಗಿ ನಿಂತೇ ಇದ್ದೆ.

ದೀಪಾವಳಿ ಹತ್ತಿರವಾದಂತೆ ನಿಖಿಲ್ ಕಡಿಮೆಯಾಗುತ್ತ ಬಂದ. ಮೊದಲು ಉತ್ತರಗಳು ಒಂದು ಪದಕ್ಕಿಳಿದವು, ಆಮೇಲೆ ಹೆಬ್ಬೆರಳಿನ ಚಿತ್ರಕ್ಕೆ, ಕೊನೆಗೆ ಅದೂ ಇಲ್ಲ. "ನಾನೇನಾದ್ರೂ ತಪ್ಪು ಮಾತಾಡಿದ್ನಾ?" ಎಂದು ಬರೆದೆ. ಅಳಿಸಿದೆ. ಮತ್ತೆ ಬರೆದು ಕಳಿಸಿದೆ. ಒಂದು ದಿನ ಅವನ ಫೋಟೋ ಇದ್ದ ಜಾಗದಲ್ಲಿ ಬೂದು ಬಣ್ಣದ ಗೊಂಬೆಯಾಕೃತಿ ಇತ್ತು. ನನ್ನನ್ನು ಬ್ಲಾಕ್ ಮಾಡಿದ್ದ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಇಷ್ಟವೋ ಅಲ್ಲವೋ ತಿಳಿಯದವನಿಗಾಗಿ ಇಷ್ಟೊಂದು ಅಳು ಬರುತ್ತದೆಂದು ನಾನು ತಿಳಿದಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳಿದ್ದರೆ, ಬಂದು ಹೋದವರ ಸಾಲಿಗೆ ಇನ್ನೊಬ್ಬ ಸೇರುತ್ತಿದ್ದ, ಅಷ್ಟೇ.

ಸೆಲ್ವಿ ಅಕ್ಕನಿಗೆ ಮಾತ್ರ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. "ಅವನು ಉತ್ತರ ಕೊಡ್ಲಿಲ್ಲ. ನಡೆದಿದ್ದು ಅಷ್ಟೇ. ನಾನು ಚೆನ್ನಾಗಿಲ್ಲ, ನಾನು ಯಾರಿಗೂ ಬೇಡ, ಇದೆಲ್ಲ ನೀನು ಸೇರಿಸಿದ್ದು," ಎಂದರು. ಆಮೇಲೆ ಮೇಣದ ತೊಟ್ಟಿಯ ಮುಚ್ಚಳ ಸರಿಸುತ್ತಾ ಹೇಳಿದರು: "ನಾನೂ ಹಂಗೇ ಮದ್ವೆ ಆದೋಳು. ಹಸ್ಕೊಂಡು ಅಂಗಡಿಗೆ ಹೋದ್ರೆ ಕೈಗೆ ಸಿಕ್ಕಿದ್ದನ್ನ ಚೀಲಕ್ಕೆ ಹಾಕ್ಕೊತೀವಿ ನೋಡು, ಆ ಥರ. ಮೊದಲು ಏನಾದ್ರೂ ತಿನ್ನು. ಯುಗಾದಿ ತನಕ ಯಾರನ್ನೂ ನೋಡ್ಬೇಡ."

ಆ್ಯಪ್ ತೆಗೆದೆ. ಯುಗಾದಿಯವರೆಗೆ ಯಾರನ್ನೂ ಮನೆಗೆ ಕರೆಯಬೇಡಿ ಎಂದು ಅಮ್ಮನಿಗೆ ಹೇಳಿದೆ. "ವಯಸ್ಸು ನಿಂತ್ಕೊಂಡು ಕಾಯುತ್ತಾ?" ಎಂದು ಅಮ್ಮ ಎರಡು ದಿನ ಮಾತು ಬಿಟ್ಟಳು.

ಮೊದಲ ವಾರಗಳು ಘೋರವಾಗಿದ್ದವು. ಯಾರೂ ನೋಡದೆ ಇದ್ದಾಗ ನಾನು ಯಾರು ಎಂಬುದೇ ತಿಳಿಯದ ಸ್ಥಿತಿ. ಬಸ್ಸಿನಲ್ಲಿ ಕೂತರೆ ಆ್ಯಪ್ ಮತ್ತೆ ಹಾಕಿಕೊಂಡು, ಯಾರಾದರೂ ಮೆಚ್ಚಿದ್ದಾರಾ ಎಂದು ಬರೀ ನೋಡೋಣ ಎಂದು ಬೆರಳು ತುರಿಸುತ್ತಿತ್ತು. ಮಲವಗೊಪ್ಪ ದಾಟುವ ತನಕ ತಡೆಯೋಣ ಎಂದುಕೊಳ್ಳುತ್ತಿದ್ದೆ. ಆ ಆಸೆ ಏರಿ, ಆಮೇಲೆ ತಾನಾಗಿ ಇಳಿಯುತ್ತದೆ ಎಂಬುದು ಆಗ ತಿಳಿಯಿತು. ಅಷ್ಟು ದಿನ ಇಳಿಯಲು ಬಿಟ್ಟೇ ಇರಲಿಲ್ಲ.

ನಾನೇ ನನಗೆ ಕೊಟ್ಟ ಮಾತು ಉಳಿಸಿಕೊಳ್ಳುವುದರಿಂದ ಶುರು ಮಾಡಿದೆ. ದೊಡ್ಡದೇನಲ್ಲ. ಬೆಳಿಗ್ಗೆ ಮನೆಯ ಹತ್ತಿರದ ನಾಲೆಯ ಪಕ್ಕ ನಡೆಯುತ್ತೇನೆ ಎಂದರೆ ನಡೆಯುವುದು. ಹಿಂದೆಲ್ಲ ನಿಖಿಲ್ ಕರೆದರೆ ಎಲ್ಲವನ್ನೂ ಬಿಟ್ಟು ಓಡುತ್ತಿದ್ದವಳು, ನನಗೆ ಹೇಳಿಕೊಂಡದ್ದನ್ನು ಮಾತ್ರ ಯಾವಾಗಲೂ ಮುರಿಯುತ್ತಿದ್ದೆ. ನನ್ನ ಮಾತನ್ನು ನಾನೇ ನಂಬದ ಮೇಲೆ ನನ್ನ ಬಗ್ಗೆ ನನಗೆ ಗೌರವ ಎಲ್ಲಿಂದ ಬರಬೇಕು? ಮೆಸೇಜಿಗೆ ಕಾಯುವ ಭರದಲ್ಲಿ ದೂರ ಮಾಡಿಕೊಂಡಿದ್ದ ಕಾಲೇಜಿನ ಗೆಳತಿ ಶೈಲಾಳಿಗೆ ಫೋನ್ ಮಾಡಿದೆ. ಅವಳು ಚೆನ್ನಾಗಿ ಬೈದಳು, ಭಾನುವಾರದಿಂದ ನಾಲೆಯ ಪಕ್ಕ ನನ್ನ ಜೊತೆ ನಡೆಯತೊಡಗಿದಳು. ಲಕ್ವ ಹೊಡೆದವರ ಕೈಗೆ ಕೊಡುವ ಚಿಕಿತ್ಸೆಯ ಒಂದು ಕೋರ್ಸಿಗೆ ಸೇರಿದೆ. ಕೈ ಎತ್ತಲಾಗದೆ ಬಂದ ಒಬ್ಬ ಅಜ್ಜ ಮಾಘದ ಹೊತ್ತಿಗೆ ತಮ್ಮ ಅಂಗಿಯ ಗುಂಡಿ ತಾವೇ ಹಾಕಿಕೊಂಡು ಬಂದರು. ಅದನ್ನು ಯಾರಿಗೂ ಫೋಟೋ ತೆಗೆದು ಕಳಿಸಲಿಲ್ಲ. ಕಳಿಸದೆಯೂ ಆ ಸಂತೋಷ ಸಂಜೆಯವರೆಗೆ ಉಳಿಯಿತು.

ಒಂದು ಮಧ್ಯಾಹ್ನ ದುರ್ಗಿಗುಡಿಯ ಹೋಟೆಲೊಂದಕ್ಕೆ ಒಬ್ಬಳೇ ಹೋಗಿ ಕೂತೆ. ಸಪ್ಲೈಯರ್ ಎದುರಿನ ಕುರ್ಚಿ ನೋಡಿ, "ಇನ್ನೊಬ್ರು ಬರ್ಬೇಕಾ ಮೇಡಂ?" ಎಂದ. ಇಲ್ಲ ಎಂದೆ. "ಕಾಫಿನಾ ಟೀನಾ?" ಎಂದ. ಅಷ್ಟಕ್ಕೇ ನಾನು ತಬ್ಬಿಬ್ಬಾದೆ. ಎದುರಿನವರು ಏನು ಹೇಳುತ್ತಾರೋ ಅದೇ ನನಗೂ ಎಂದು ಹೇಳಿ ಹೇಳಿ, ನನಗೆ ಯಾವುದು ಇಷ್ಟವೆಂದು ಮರೆತೇ ಹೋಗಿತ್ತು. ಎರಡನ್ನೂ ತರಿಸಿ ಕುಡಿದೆ. ಸಕ್ಕರೆ ಕಡಿಮೆ ಹಾಕಿದ ಟೀ ನನಗೆ ಇಷ್ಟ ಎಂದು ಇಪ್ಪತ್ತೇಳನೇ ವಯಸ್ಸಿನಲ್ಲಿ ಗೊತ್ತಾಯಿತು.

ಇಷ್ಟಾದರೂ ನಾನು ಪೂರ್ತಿ ಗುಣವಾದೆ ಎಂದೇನೂ ಹೇಳಲಾರೆ. ನೆಂಟರ ಮದುವೆಯಲ್ಲಿ ಯಾರೋ "ಇನ್ನೂ ಆಗಿಲ್ವಾ?" ಎಂದರೆ ಮುಖ ಬಾಡುತ್ತಿತ್ತು. ಆದರೆ ಸಂಜೆಗೆ ಮತ್ತೆ ನಾನು ನಾನಾಗಿರುತ್ತಿದ್ದೆ. ಮೊದಲು ಅದಕ್ಕೆ ವಾರ ಬೇಕಾಗುತ್ತಿತ್ತು.

ಯುಗಾದಿ ಕಳೆದ ಮೇಲೆ ಶೈಲಾಳ ಮೂಲಕ ಪ್ರಶಾಂತ್ ಪರಿಚಯವಾದರು. ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರನ್ನು ಭೇಟಿಯಾದ ದಿನ ನಾನು ಟ್ರೇ ಮುಟ್ಟಲಿಲ್ಲ. ಮಕ್ಕಳಿಗೆ ಏನು ಕಲಿಸುವುದು ಕಷ್ಟ ಎಂದು ಕೇಳಿದೆ, ಸಿಟ್ಟು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ನಗುತ್ತಾ ಉತ್ತರಿಸಿದರು. ನನ್ನ ಅಜ್ಜಂದಿರ ಕತೆಗಳನ್ನು ಕೇಳಿಸಿಕೊಂಡರು. ಹಿಂತಿರುಗುವಾಗ ಅವರಿಗೆ ನಾನು ಹಿಡಿಸಿದೆನಾ ಎಂಬ ಚಿಂತೆ ಬಂತು. ಆದರೆ ಅದರ ಪಕ್ಕದಲ್ಲೇ, ಇವರ ಜೊತೆ ಕೂತಾಗ ನನಗೆ ಆರಾಮೆನಿಸಿತಾ ಎಂಬ ಪ್ರಶ್ನೆಯೂ ಇತ್ತು. ಆರಾಮೆನಿಸಿತ್ತು. ಅವರು ನನಗೆ ಇಷ್ಟವಾಗಿದ್ದರು.

ಅವಸರ ಮಾಡಲಿಲ್ಲ. ವಾರಕ್ಕೊಮ್ಮೆ ಸಿಗುತ್ತಿದ್ದೆವು. ಒಂದು ಭಾನುವಾರ ಬೆಳಿಗ್ಗೆ ಅವರು ಕರೆದಾಗ, ಶೈಲಾಳ ಜೊತೆ ನಡೆಯಲು ಹೋಗಬೇಕು, ಆಗುವುದಿಲ್ಲ ಎಂದೆ. ಜೀವ ಬಾಯಿಗೆ ಬಂದಿತ್ತು. ಅವರು ಸರಿ ಎಂದರು. ಬೇಡ ಎಂದರೂ ಒಬ್ಬ ಮನುಷ್ಯ ಉಳಿಯುತ್ತಾನೆ ಎಂದು ಆ ಇಡೀ ದಿನ ನಾನು ಹಿಗ್ಗಿದೆ.

ಅವರು ಅಷ್ಟು ಸುಲಭವಾಗಿ ಸರಿ ಎಂದದ್ದು ಯಾಕೆಂದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ಅವರು ಎಲ್ಲದಕ್ಕೂ ಸರಿ ಎನ್ನುತ್ತಿದ್ದರು. ಫೋನಿನ ತುಂಬ ತಾವು ಹತ್ತಿದ ಬೆಟ್ಟಗಳ ಫೋಟೋ ಇಟ್ಟುಕೊಂಡಿದ್ದವರು, ನನಗೆ ಬೆಟ್ಟ ಹತ್ತುವುದು ಆಗುವುದಿಲ್ಲ ಎಂದಾಗ, "ನಂಗೂ ಅಷ್ಟೇನಿಲ್ಲ," ಎಂದರು. ನಾನು ಸಕ್ಕರೆ ಕಡಿಮೆ ಟೀ ಹೇಳಿದರೆ ಅವರೂ ಅದನ್ನೇ ಹೇಳಿ, ಮುಖ ಹಿಂಡಿಕೊಂಡು ಕುಡಿಯುತ್ತಿದ್ದರು. ರೋಗಿಗಳ ನಡುವೆ ನಾನು ಫೋನ್ ನೋಡದೆ ಇದ್ದರೆ ಹೊರಬರುವಷ್ಟರಲ್ಲಿ ಮೆಸೇಜುಗಳು ಸಾಲಾಗಿ ಕಾಯುತ್ತಿದ್ದವು: ಊಟ ಆಯ್ತಾ? ಬಿಜಿನಾ? ಬೇಜಾರಾ? ನಾನೇನಾದ್ರೂ ತಪ್ಪು ಮಾತಾಡಿದ್ನಾ?

ಆ ಕೊನೆಯದು, ಅಕ್ಷರ ತಪ್ಪದೆ, ನಾನು ನಿಖಿಲನಿಗೆ ಕಳಿಸಿದ್ದ ಮಾತು. ಖಾಸಗಿ ಶಾಲೆಯ ಸಂಬಳ ಎಂದು ಹೆಣ್ಣಿನ ಕಡೆಯವರು ಅವರನ್ನು ಬೇಡವೆಂದಿದ್ದ ಸಂಗತಿ ಶೈಲಾ ಹೇಳಿದ್ದಳು. ಒಬ್ಬರಲ್ಲ, ಇಬ್ಬರಲ್ಲ. ಎಷ್ಟು ಮನೆಗಳ ಜಗುಲಿಯಲ್ಲಿ ಅವರೂ ಚಪ್ಪಲಿ ಮೆಟ್ಟಿ ಬಂದು ಕಾದಿದ್ದರೋ.

ನಾನು ಮಾಡಬಹುದಾದದ್ದನ್ನೆಲ್ಲ ಮಾಡಿದೆ. ಬೇಜಾರಿಲ್ಲ ಎಂದೆ, ನೀವು ನನಗೆ ಇಷ್ಟ ಎಂದು ಬಾಯಿಬಿಟ್ಟು ಹೇಳಿದೆ. ಅವರ ಮುಖ ಅರಳುತ್ತಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಖರ್ಚಾಗಿರುತ್ತಿತ್ತು, ಮತ್ತೆ ಹೇಳಬೇಕು. ನಿಖಿಲನ ವಿಷಯವನ್ನೂ ಅವರಿಗೆ ಹೇಳಿದೆ. ನಾಲೆಯ ಪಕ್ಕದ ನಡಿಗೆ, ಒಬ್ಬಳೇ ಕೂತು ಕುಡಿದ ಟೀ, ಎಲ್ಲವನ್ನೂ ಹೇಳಿ, "ನೀವೂ ಸ್ವಲ್ಪ ದಿನ ಯಾರನ್ನೂ ನೋಡದೆ ಇದ್ದು ನೋಡಿ. ನನ್ನನ್ನೂ ಸೇರಿಸಿ," ಎಂದೆ. ಅವರ ಬಣ್ಣ ಇಳಿಯಿತು. "ಅಂದ್ರೆ ನಾನು ಬೇಡ್ವಾ?" ಎಂದರು. ಆ ಮಾತು ಅವರಿಗೆ ಬೇರೆ ಯಾವ ರೀತಿಯಲ್ಲೂ ಕೇಳಿಸಲು ಸಾಧ್ಯವಿರಲಿಲ್ಲ. ಒಂದು ವರ್ಷದ ಹಿಂದೆ ನನಗೂ ಹಾಗೇ ಕೇಳಿಸುತ್ತಿತ್ತು.

ಅಷ್ಟರಲ್ಲಿ ಅವರು ನಮ್ಮ ಮನೆಗೆ ಬಂದು ಹೋದರು. ಅಪ್ಪನ ಜೊತೆ ಕೂತು ಟಿವಿಯಲ್ಲಿ ಕ್ರಿಕೆಟ್ ನೋಡಿದರು. ಅಮ್ಮನಂತೂ ಆಗಲೇ ಅಳಿಯನೆಂದು ತೀರ್ಮಾನಿಸಿದ್ದಳು. "ಇಷ್ಟು ಮೆತ್ತಗಿನ ಹುಡುಗ ಎಲ್ಲಿ ಸಿಗ್ತಾನೆ ಕಣೇ? ನೀನು ಕೂತ್ಕೊ ಅಂದ್ರೆ ಕೂತ್ಕೊತಾನೆ," ಎಂದಳು. ಏನು ಮಾಡಲಿ ಎಂದು ಸೆಲ್ವಿ ಅಕ್ಕನನ್ನು ಕೇಳಿದೆ. "ಅವನ ಊಟಾನ ನೀನು ತಿನ್ನೋಕಾಗಲ್ಲ ಮಾರಾಯ್ತಿ. ನಂಗೆ ಅಷ್ಟೇ ಗೊತ್ತು," ಎಂದರು.

ಮಳೆ ಹಿಡಿಯುವ ಮೊದಲಿನ ಒಂದು ಸಂಜೆ, ಗಾಂಧಿ ಪಾರ್ಕಿನ ಕಲ್ಲುಬೆಂಚಿನ ಮೇಲೆ, ಮದುವೆಯ ಮಾತು ಮುಂದುವರಿಸುವುದು ಬೇಡ ಎಂದು ಅವರಿಗೆ ಹೇಳಿದೆ. ಮೋಡ ಕವಿದು ಗಾಳಿ ನಿಂತು ಸೆಕೆ ಕುದಿಯುತ್ತಿತ್ತು. ಅವರು ಕರವಸ್ತ್ರ ಮಡಚುತ್ತ, ಬಿಚ್ಚುತ್ತ ಕೂತರು.

"ನನ್ನಲ್ಲಿ ಏನು ಕಮ್ಮಿ ಹೇಳಿ. ಸರಿ ಮಾಡ್ಕೊತೀನಿ."

"ಏನೂ ಕಮ್ಮಿ ಇಲ್ಲ."

"ಹಂಗಾದ್ರೆ ಯಾಕೆ?"

"ನಾನು ಹೂಂ ಅಂದ ದಿನ ಮಾತ್ರ ನೀವು ಚೆನ್ನಾಗಿರ್ತೀರಿ. ಜೀವನಪೂರ್ತಿ ದಿನಾ ಹೂಂ ಅನ್ನೋಕೆ ನನ್ ಕೈಲಿ ಆಗಲ್ಲ. ಒಂದಿನ ಸುಸ್ತಾಗಿ ಸುಮ್ನೆ ಕೂತ್ರೆ ನೀವು ಸತ್ತೇಹೋಗ್ತೀರಿ."

ಅವರು ಪಾಠ ಅರ್ಥಮಾಡಿಕೊಳ್ಳಲೇಬೇಕೆಂಬ ವಿದ್ಯಾರ್ಥಿಯ ಹಾಗೆ ಹುಬ್ಬು ಗಂಟಿಕ್ಕಿದ್ದರು. ಕೊನೆಗೆ ಅವರ ಮುಖದಲ್ಲಿ ಏನೋ ಹೊಳೆದಂತಾಯಿತು. ನನಗೂ ಒಂದು ಕ್ಷಣ ಆಸೆಯಾಯಿತು.

"ಮೆಸೇಜ್ ಕಮ್ಮಿ ಮಾಡ್ತೀನಿ," ಎಂದರು. "ದಿನಕ್ಕೆ ಎಷ್ಟು ಮಾಡ್ಲಿ, ನೀವೇ ಹೇಳಿ."

ನನಗೆ ಅಳು ಬಂತು. ಒಳ್ಳೆಯ ಮನುಷ್ಯ, ನನಗೆ ಇಷ್ಟವಾದ ಮನುಷ್ಯ, ಅಂಗೈ ಅಗಲದ ದೂರದಲ್ಲಿ ಕೂತಿದ್ದಾರೆ. ನನಗೆ ಗೊತ್ತಿರುವುದನ್ನು ಅವರ ಕೈಗೆ ದಾಟಿಸಲು ನನ್ನ ಬಳಿ ದಾರಿಯೇ ಇಲ್ಲ. ನಾನು ಏನೇ ಹೇಳಿದರೂ ಅದು ಅವರಿಗೆ ನನ್ನನ್ನು ಮೆಚ್ಚಿಸಲು ಸಿಕ್ಕ ಇನ್ನೊಂದು ಸೂಚನೆ. ಎದ್ದು ಬಂದೆ. ಅವರು ನಾನು ತಂದಿದ್ದ ಅಪ್ಪನ ಸ್ಕೂಟರಿನ ತನಕ ಬಂದು, ಹುಷಾರಾಗಿ ಹೋಗಿ ಎಂದರು.

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದೆ. ಮಳೆಯ ಮೊದಲ ಹನಿ ಅಂಗಳದ ಸಿಮೆಂಟಿನ ಮೇಲೆ ಬೀಳುತ್ತಿತ್ತು. ಫೋನ್ ಸದ್ದಾಯಿತು. ಪ್ರಶಾಂತ್ ಬರೆದಿದ್ದರು: "ನೀವು ಹೇಳಿದ್ದು ಅರ್ಥ ಆಯ್ತು. ಇನ್ಮೇಲೆ ನಾನು ಯಾರ ಒಪ್ಪಿಗೆಗೂ ಕಾಯಲ್ಲ. ಈಗ ಸರೀನಾ?"

ಸರಿ ಎಂದು ಬರೆದರೆ ಅದೂ ನಾನು ಕೊಟ್ಟ ಒಪ್ಪಿಗೆ. ತಪ್ಪು ಎಂದರೆ ಇನ್ನೊಂದು ತಿರಸ್ಕಾರ. ಏನೂ ಬರೆಯದಿದ್ದರೆ, ಆ ಮೌನದಲ್ಲಿ ಒಬ್ಬ ಮನುಷ್ಯ ತನ್ನ ಮೇಲೆ ಏನೇನು ಹೇರಿಕೊಳ್ಳುತ್ತಾನೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಹೆಸರಿನ ಕೆಳಗೆ ಆನ್‌ಲೈನ್ ಎಂದು ತೋರಿಸುತ್ತಿತ್ತು. ನಾನು ನೋಡುತ್ತಲೇ ಇದ್ದೆ, ಅದು ಆರಲಿಲ್ಲ.